ಗಂಟಲು ನೋವು, ಜ್ವರ: ಬೇರೆ ರೂಮ್ ಮತ್ತು ಡಾಕ್ಟರ್‌ಗಾಗಿ ವಾರ್ಡನ್‌ಗೆ ಮೆಸೇಜ್ ಬರೆಯುವುದು ಹೇಗೆ?

"ಮೇಡಂ, ನಂಗೆ ತುಂಬಾ ಹುಷಾರಿಲ್ಲ, ದಯವಿಟ್ಟು ಬೇರೆ ರೂಮ್ ಕೊಡಿ."

ಹಾಸ್ಟೆಲ್ ವಾರ್ಡನ್ ಮೊಬೈಲ್‌ಗೆ ಬರುವ ಮೆಸೇಜ್‌ಗಳು ಹೆಚ್ಚು ಕಮ್ಮಿ ಹೀಗೇ ಇರುತ್ತವೆ. ಓದಿದವರಿಗೆ ಇದರಿಂದ ಏನೂ ಗೊತ್ತಾಗುವುದಿಲ್ಲ. ಏನಾಗಿದೆ, ಯಾವತ್ತಿನಿಂದ, ಜ್ವರ ಎಷ್ಟಿದೆ, ಈಗಲೇ ಆಸ್ಪತ್ರೆಗೆ ಹೊರಡಬೇಕಾ ಅಥವಾ ಬೆಳಗ್ಗೆ ಹೋದರೆ ಸಾಕಾ? ನೂರು ಮಕ್ಕಳನ್ನು ನೋಡಿಕೊಳ್ಳುವ ವಾರ್ಡನ್ "ಮಾತ್ರೆ ತಗೊಂಡು ಮಲಗಮ್ಮ, ನಾಳೆ ನೋಡೋಣ" ಅಂತ ಉತ್ತರ ಹಾಕುತ್ತಾರೆ. ಅವತ್ತು ರಾತ್ರಿಯೂ ಅದೇ ರೂಮಿನಲ್ಲಿ, ಪಕ್ಕದ ಮಂಚದವಳ ಮುಖಕ್ಕೆ ಕೆಮ್ಮಿಕೊಂಡು ಮಲಗುವುದೇ ಆಗುತ್ತದೆ.

ಕಾಯಿಲೆ ಎಷ್ಟು ಜೋರು ಅಂತ ಬಣ್ಣಿಸಿದ ಮಾತ್ರಕ್ಕೆ ಕೆಲಸ ಆಗುವುದಿಲ್ಲ. ಓದಿದ ಕೂಡಲೇ ವಾರ್ಡನ್ ತೀರ್ಮಾನ ಮಾಡುವಂತೆ, ತಿರುಗಿ ಒಂದು ಪ್ರಶ್ನೆಯನ್ನೂ ಕೇಳಬೇಕಾಗದಂತೆ ಬರೆಯಬೇಕು. ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಜಗಳೂರು ಕಡೆಯ ಹುಡುಗಿ, ದಾವಣಗೆರೆಯಲ್ಲಿ ಬಿ.ಕಾಂ ಎರಡನೇ ವರ್ಷ ಓದುತ್ತಿದ್ದಾಳೆ. ಒಂದೇ ರೂಮಿನಲ್ಲಿ ಆರು ಜನ. ಸೋಮವಾರ ರಾತ್ರಿ ಗಂಟಲು ನೋವು, ಜ್ವರ ಶುರುವಾಯಿತು. ಈಗ ಮಂಗಳವಾರ ಸಂಜೆ.

ಬರೆಯುವ ಮುಂಚೆ ನೋಡಿಕೊಳ್ಳಿ

ಮೊದಲು ಜ್ವರ ಅಳೆಯಿರಿ. "ಮೈ ಸುಡ್ತಿದೆ" ಅನ್ನುವುದಕ್ಕೂ "101.6 ಇದೆ" ಅನ್ನುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಪ್ರಥಮ ಚಿಕಿತ್ಸೆ ಪೆಟ್ಟಿಗೆಯಲ್ಲೋ ಆಫೀಸಿನಲ್ಲೋ ಥರ್ಮಾಮೀಟರ್ ಇದೆಯಾ ಕೇಳಿ. ಬಿಸಿ ಟೀ ಕುಡಿದ ಕೂಡಲೇ, ಬಿಸಿ ನೀರಲ್ಲಿ ಬಾಯಿ ಮುಕ್ಕಳಿಸಿದ ಕೂಡಲೇ ನಾಲಿಗೆ ಕೆಳಗೆ ಇಟ್ಟರೆ ಸುಳ್ಳು ಲೆಕ್ಕ ಬರುತ್ತದೆ. 20 ನಿಮಿಷ ಬಿಟ್ಟು ನೋಡಿ. 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಜ್ವರ. ಪ್ಯಾರಾಸಿಟಮಾಲ್ ನುಂಗಿದ ಮೇಲೆ ಜ್ವರ ಇಳಿದಂತೆ ಕಾಣುತ್ತದೆ, ಅದಕ್ಕೇ ಅಳೆದ ಹೊತ್ತು, ಮಾತ್ರೆ ತಗೊಂಡ ಹೊತ್ತು ಎರಡನ್ನೂ ಗುರುತಿಟ್ಟುಕೊಳ್ಳಿ.

ಆಮೇಲೆ ಗಂಟಲು. ಕಿಟಕಿ ಹತ್ತಿರ ಕೂತು, ಬಾಯಿ ದೊಡ್ಡದಾಗಿ ತೆರೆದು "ಆ" ಅನ್ನಿ, ರೂಮ್‌ಮೇಟ್ ಮೊಬೈಲ್ ಟಾರ್ಚ್ ಹಾಕಿ ಸ್ವಲ್ಪ ದೂರದಿಂದಲೇ ನೋಡಲಿ. ಕಿರುನಾಲಿಗೆಯ ಎರಡೂ ಪಕ್ಕ ಇರುವ ಗಡ್ಡೆಗಳೇ ಟಾನ್ಸಿಲ್. ಅವು ಕೆಂಪಗೆ ಊದಿವೆಯಾ? ಮೇಲೆ ಬಿಳಿ ಚುಕ್ಕೆ, ಕೀವು ಕಟ್ಟಿದಂತೆ ಇದೆಯಾ? ದವಡೆ ಕೆಳಗೆ, ಕತ್ತಿನ ಮುಂಭಾಗದಲ್ಲಿ ಮುಟ್ಟಿದರೆ ನೋಯುವ ಗಂಟು ಸಿಗುತ್ತದೆಯಾ? ಕೆಮ್ಮು, ನೆಗಡಿ ಇದೆಯಾ ಇಲ್ಲವಾ?

ಈ ಕೊನೆಯ ಪ್ರಶ್ನೆಯನ್ನು ಸುಮಾರು ಜನ ಬಿಟ್ಟುಬಿಡುತ್ತಾರೆ, ಆದರೆ ಡಾಕ್ಟರ್ ಇದನ್ನು ಕೇಳಿಯೇ ಕೇಳುತ್ತಾರೆ. ಮೂಗು ಸೋರುತ್ತಿದ್ದರೆ, ಕೆಮ್ಮಿದ್ದರೆ, ದನಿ ಕಟ್ಟಿದ್ದರೆ ಅದು ಹೆಚ್ಚಾಗಿ ವೈರಸ್‌ನಿಂದ ಬಂದದ್ದು, ಸುಮಾರು ಒಂದು ವಾರದಲ್ಲಿ ತಾನಾಗೇ ಹೋಗುತ್ತದೆ, ಅದಕ್ಕೆ ಆಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ. ಕೆಮ್ಮು ನೆಗಡಿ ಏನೂ ಇಲ್ಲದೆ ಇದ್ದಕ್ಕಿದ್ದಂತೆ ಜ್ವರ, ಗಂಟಲು ನೋವು, ಬಿಳಿ ಚುಕ್ಕೆ, ಕತ್ತಿನ ಗಂಟು ಒಟ್ಟಿಗೆ ಬಂದಿದ್ದರೆ ಸ್ಟ್ರೆಪ್ಟೊಕಾಕಸ್ ಅನ್ನುವ ಬ್ಯಾಕ್ಟೀರಿಯಾ ಇರಬಹುದು. ಯಾವುದು ಅಂತ ನೀವು ತೀರ್ಮಾನ ಮಾಡಬೇಡಿ. ಕಂಡದ್ದನ್ನು ಬರೆಯಿರಿ ಅಷ್ಟೇ.

ಇವು ಇದ್ದರೆ ಮೆಸೇಜ್ ಬೇಡ, ಫೋನ್ ಮಾಡಿ

ಉಸಿರಾಡಲು ಕಷ್ಟವಾಗುತ್ತಿದ್ದರೆ, ಎಂಜಲೂ ನುಂಗಲಾಗದೆ ಹೊರಗೆ ಸುರಿಯುತ್ತಿದ್ದರೆ, ಬಾಯಿ ತೆರೆಯಲು ಆಗದಿದ್ದರೆ, ಬಾಯಲ್ಲಿ ಬಿಸಿ ತುತ್ತು ಇಟ್ಟುಕೊಂಡು ಮಾತಾಡಿದಂತೆ ದನಿ ಬದಲಾಗಿದ್ದರೆ, ಗಂಟಲು ಒಂದೇ ಕಡೆ ವಿಪರೀತ ಊದಿದ್ದರೆ ಬೆಳಗಾಗುವವರೆಗೆ ಕಾಯುವ ಮಾತೇ ಇಲ್ಲ. ಟಾನ್ಸಿಲ್ ಹಿಂದೆ ಕೀವು ತುಂಬಿದಾಗ ಹೀಗಾಗುತ್ತದೆ. ಗಂಟಲಲ್ಲಿ ಬೂದು ಬಣ್ಣದ ದಪ್ಪ ಪೊರೆ ಕಂಡರೂ ಅಷ್ಟೇ, ಅದು ಡಿಫ್ತೀರಿಯಾ ಆಗಿರಬಹುದು. ವಾರ್ಡನ್‌ಗೆ ಫೋನ್ ಮಾಡಿ, ಎತ್ತದಿದ್ದರೆ ಗೇಟಿನಲ್ಲಿರುವ ಅಣ್ಣನನ್ನು ಎಬ್ಬಿಸಿ, 108ಕ್ಕೆ ಕರೆ ಮಾಡಿ. ಅನುಮತಿ ಸಿಕ್ಕಿಲ್ಲ ಅಂತ ರೂಮಿನಲ್ಲೇ ಕೂರಬೇಡಿ.

ಈಗ ಮೆಸೇಜ್

ಹಾಸ್ಟೆಲ್ ವಾಟ್ಸಾಪ್ ಗ್ರೂಪಿನಲ್ಲಿ ಹಾಕಬೇಡಿ. ವಾರ್ಡನ್ ನಂಬರಿಗೆ ನೇರವಾಗಿ ಕಳಿಸಿ. ರಾತ್ರಿ ಊಟಕ್ಕೆ ಮುಂಚೆ ಕಳಿಸಿದರೆ ಒಳ್ಳೆಯದು, ಯಾಕೆಂದರೆ ಮಂಚ ಸರಿಸುವುದು, ಬೀಗದ ಕೈ ಹುಡುಕುವುದು, ಅಡುಗೆ ಅಕ್ಕನಿಗೆ ಗಂಜಿ ಹೇಳುವುದು ಎಲ್ಲವೂ ಆಗ ಆಗುವ ಕೆಲಸಗಳು. ನಮ್ಮ ಹುಡುಗಿ ಹೀಗೆ ಬರೆಯಬಹುದು:

"ನಮಸ್ತೆ ಮೇಡಂ. ನಾನು (ಹೆಸರು), ಬಿ.ಕಾಂ ಎರಡನೇ ವರ್ಷ, ಮೊದಲ ಮಹಡಿ, ರೂಮ್ 14. ನಿನ್ನೆ ರಾತ್ರಿಯಿಂದ ಗಂಟಲು ನೋವು, ಜ್ವರ ಇದೆ. ಇವತ್ತು ಸಂಜೆ 5ಕ್ಕೆ 101.6 ಇತ್ತು. 5.15ಕ್ಕೆ ಪ್ಯಾರಾಸಿಟಮಾಲ್ 500 ಒಂದು ತಗೊಂಡೆ. ಟಾನ್ಸಿಲ್ ಎರಡೂ ಕಡೆ ಊದಿ ಬಿಳಿ ಚುಕ್ಕೆ ಕಾಣುತ್ತಿದೆ. ನೆಗಡಿ ಇಲ್ಲ, ಕೆಮ್ಮು ಇಲ್ಲ. ನೀರು ಇಳಿಯುತ್ತಿದೆ, ಅನ್ನ ಮುದ್ದೆ ನುಂಗಲು ಆಗುತ್ತಿಲ್ಲ. ಉಸಿರಾಟಕ್ಕೆ ತೊಂದರೆ ಇಲ್ಲ.

ನಮ್ಮ ರೂಮಿನಲ್ಲಿ ಆರು ಜನ ಇದ್ದೇವೆ. ಇನ್ನೊಬ್ಬಳಿಗೂ ಇವತ್ತು ಬೆಳಗ್ಗೆಯಿಂದ ಗಂಟಲು ನೋವು ಶುರುವಾಗಿದೆ.

ಎರಡು ಸಹಾಯ ಬೇಕಿತ್ತು ಮೇಡಂ. ಒಂದು, ನಾಳೆ ಬೆಳಗ್ಗೆಯೇ ಡಾಕ್ಟರ್ ಹತ್ತಿರ ಹೋಗಬೇಕು. ರೂಮ್‌ಮೇಟ್ ಜೊತೆಗೆ ಬರುತ್ತಾಳೆ, ಇಬ್ಬರಿಗೂ ಹೊರಗೆ ಹೋಗಲು ಅನುಮತಿ ಕೊಡಿ. ಎರಡು, ಇವತ್ತು ರಾತ್ರಿಯಿಂದ ಬೇರೆ ರೂಮ್ ಬೇಕು. ಡಾಕ್ಟರ್ ಸರಿ ಅಂದ ದಿನವೇ ವಾಪಸ್ ರೂಮ್ 14ಕ್ಕೆ ಬರುತ್ತೇನೆ. ರೂಮ್ ಖಾಲಿ ಇಲ್ಲದಿದ್ದರೆ ಗೆಸ್ಟ್ ರೂಮ್ ಅಥವಾ ಓದುವ ಕೋಣೆಯ ಒಂದು ಮೂಲೆ ಆದರೂ ಸಾಕು. ಅಪ್ಪನಿಗೆ ಫೋನ್ ಮಾಡಿ ಹೇಳಿದ್ದೇನೆ."

ಇಷ್ಟೇ. "ದಯವಿಟ್ಟು ದಯವಿಟ್ಟು" ಅಂತ ಅಂಗಲಾಚುವುದು ಬೇಡ, ಅಳುವ ಇಮೋಜಿಯೂ ಬೇಡ. ಡಾಕ್ಟರ್ ಹತ್ತಿರ ಹೋಗಬೇಕು ಅನ್ನುವುದು ಮೊದಲು ಬರಲಿ. ರೂಮ್ ಸಿಗದಿದ್ದರೂ ಡಾಕ್ಟರ್ ಭೇಟಿ ತಪ್ಪಬಾರದು. ಎರಡನ್ನೂ ಒಂದೇ ವಾಕ್ಯದಲ್ಲಿ ಸೇರಿಸಿದರೆ "ರೂಮ್ ಖಾಲಿ ಇಲ್ಲಮ್ಮ" ಅನ್ನುವ ಒಂದೇ ಉತ್ತರದಲ್ಲಿ ಎರಡೂ ಮುಚ್ಚಿಹೋಗುತ್ತವೆ.

ಬೇರೆ ರೂಮ್ ಕೇಳುವಾಗ ಯಾವಾಗ ಬಿಡುತ್ತೀರಿ ಅನ್ನುವುದನ್ನು ಹೇಳಲೇಬೇಕು. ವಾರ್ಡನ್‌ಗಳು ಇಲ್ಲ ಅನ್ನುವುದು ಹೆಚ್ಚಾಗಿ ಈ ಭಯಕ್ಕೇ. ಒಬ್ಬಳಿಗೆ ಒಂಟಿ ರೂಮ್ ಕೊಟ್ಟರೆ ಪರೀಕ್ಷೆ ಮುಗಿಯುವವರೆಗೂ ಅಲ್ಲೇ ಉಳಿಯುತ್ತಾಳೆ, ನಾಳೆ ಉಳಿದವರೂ ಕೇಳುತ್ತಾರೆ ಅಂತ. ಸ್ಟ್ರೆಪ್ಟೊಕಾಕಸ್ ಅಂತ ಡಾಕ್ಟರ್ ಹೇಳಿ ಸರಿಯಾದ ಆಂಟಿಬಯೋಟಿಕ್ ಶುರುಮಾಡಿದರೆ, ಸಾಮಾನ್ಯವಾಗಿ ಒಂದು ದಿನದೊಳಗೆ ಅದು ಬೇರೆಯವರಿಗೆ ಹರಡುವುದು ನಿಲ್ಲುತ್ತದೆ. ವೈರಸ್ ಆದರೆ ಮಾತ್ರೆ ಇಲ್ಲದೆಯೂ ಒಂದು ದಿನ ಜ್ವರ ಬಾರದಿರುವವರೆಗೆ ದೂರ ಇದ್ದರೆ ಒಳ್ಳೆಯದು. ಅಂದರೆ ನೀವು ಕೇಳುತ್ತಿರುವುದು ಎರಡು ಮೂರು ರಾತ್ರಿಯ ಜಾಗ, ಅದು ವಾರ್ಡನ್‌ಗೂ ಗೊತ್ತಾಗಲಿ.

ಇನ್ನೊಬ್ಬಳಿಗೂ ಶುರುವಾಗಿದೆ ಅನ್ನುವ ಸಾಲು ಚಾಡಿ ಅಲ್ಲ. ಸ್ಟ್ರೆಪ್ಟೊಕಾಕಸ್ ತಗುಲಿದ 2ರಿಂದ 5 ದಿನಕ್ಕೆ ನೋವು ಕಾಣಿಸಿಕೊಳ್ಳುತ್ತದೆ, ಹಾಗಾಗಿ ಒಂದೇ ವಾರದಲ್ಲಿ ರೂಮಿನ ಅರ್ಧ ಜನ ಮಲಗಬಹುದು. ಅವಳಿಗೆ ಹೇಳಿಯೇ ಬರೆಯಿರಿ, ಹೆಸರು ಹಾಕಬೇಡಿ. ಕೇಳಿದರೆ ಅವಳೇ ಹೇಳಿಕೊಳ್ಳಲಿ.

ರೂಮ್ ಸಿಗಲೇ ಇಲ್ಲ ಅಂದರೆ

ಎಲ್ಲ ಮಂಚವೂ ತುಂಬಿರುವ ಹಾಸ್ಟೆಲ್‌ಗಳೇ ಜಾಸ್ತಿ, ಸಿಕ್ ರೂಮಿನಲ್ಲಿ ಹಳೇ ಹಾಸಿಗೆ ತುಂಬಿಟ್ಟಿರುತ್ತಾರೆ. ಆಗ ಇದ್ದ ರೂಮಿನಲ್ಲೇ ಕಿಟಕಿ ಪಕ್ಕದ ಮಂಚ ಕೇಳಿ, ಕಿಟಕಿ ತೆರೆದಿಡಿ, ಪಕ್ಕದವರ ತಲೆ ಇರುವ ಕಡೆ ನಿಮ್ಮ ಕಾಲು ಬರುವಂತೆ ಮಲಗಿ. ಅದಕ್ಕಿಂತ ಮುಖ್ಯ ಲೋಟ. ನೀರಿನ ಫಿಲ್ಟರ್ ಹತ್ತಿರ ಸರಪಳಿ ಕಟ್ಟಿದ ಒಂದು ಸ್ಟೀಲ್ ಲೋಟ ಇರುತ್ತದಲ್ವಾ, ಇಡೀ ಮಹಡಿಯೇ ಕಚ್ಚಿ ಕುಡಿಯುತ್ತದೆ. ಹುಷಾರಾಗುವವರೆಗೆ ಅದನ್ನು ಮುಟ್ಟಬೇಡಿ. ನಿಮ್ಮದೇ ಬಾಟಲಿ, ನಿಮ್ಮದೇ ತಟ್ಟೆ, ಚಮಚ, ಟವೆಲ್ ಇರಲಿ. ಗೆಳತಿಯರು ಪ್ರೀತಿಯಿಂದ ತಂದ ಖಾರ ಮಂಡಕ್ಕಿಯನ್ನೂ ಒಂದೇ ಪೊಟ್ಟಣಕ್ಕೆ ಕೈ ಹಾಕಿ ತಿನ್ನಬೇಡಿ, ಹೇಗೂ ಅದು ಆ ಗಂಟಲಲ್ಲಿ ಇಳಿಯುವುದಿಲ್ಲ. ಒಂದು ಲೋಟ ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಮುಕ್ಕಳಿಸಿದರೆ ನೋವು ಸ್ವಲ್ಪ ಹಗುರಾಗುತ್ತದೆ, ಸೋಂಕು ಅದರಿಂದ ಹೋಗುವುದಿಲ್ಲ.

ಡಾಕ್ಟರ್ ಹತ್ತಿರ

ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಹೋಗುವುದಾದರೆ ಬೆಳಗ್ಗೆ ಬೇಗ ಹೋಗಿ ಚೀಟಿ ಮಾಡಿಸಿ, ಹೊತ್ತಾದಷ್ಟೂ ಸಾಲು ಬೆಳೆಯುತ್ತದೆ. ಆಧಾರ್ ಕಾರ್ಡ್ ಜೊತೆಗಿರಲಿ, ಮಾಸ್ಕ್ ಹಾಕಿಕೊಳ್ಳಿ. ವಾರ್ಡನ್‌ಗೆ ಕಳಿಸಿದ ಮೆಸೇಜ್ ತೆರೆದು ಅದನ್ನೇ ನೋಡಿಕೊಂಡು ಹೇಳಿ, ಎಲ್ಲವೂ ಅದರಲ್ಲಿದೆ. ಯಾವುದಾದರೂ ಮಾತ್ರೆ ಈ ಹಿಂದೆ ಮೈಗೆ ಆಗದೆ ಗಂಧೆ ಎದ್ದಿದ್ದರೆ ಕೇಳುವ ಮುಂಚೆಯೇ ಹೇಳಿ. ಬರುವಾಗ ಕೇಳಬೇಕಾದ್ದು ಎರಡು ಪ್ರಶ್ನೆ: ನಾನು ಯಾವತ್ತಿನಿಂದ ಬೇರೆಯವರ ಜೊತೆ ಒಂದೇ ರೂಮಿನಲ್ಲಿ ಮಲಗಬಹುದು? ಎಷ್ಟು ದಿನದಲ್ಲಿ ಕಮ್ಮಿಯಾಗದಿದ್ದರೆ ಮತ್ತೆ ಬರಬೇಕು?

ಡಾಕ್ಟರ್ ಬದಲು ಮೆಡಿಕಲ್ ಶಾಪಿನಲ್ಲಿ "ಗಂಟಲು ನೋವಿಗೆ ಏನಾದ್ರೂ ಕೊಡಿ" ಅಂತ ಮೂರು ಆಂಟಿಬಯೋಟಿಕ್ ಮಾತ್ರೆ ತರುವುದನ್ನು ನಾನಂತೂ ಒಪ್ಪುವುದಿಲ್ಲ. ವೈರಸ್ ಆಗಿದ್ದರೆ ಅವು ದಂಡ. ಸ್ಟ್ರೆಪ್ಟೊಕಾಕಸ್ ಆಗಿದ್ದರೆ ಪೆನಿಸಿಲಿನ್, ಅಮಾಕ್ಸಿಸಿಲಿನ್ ತರಹದ ಔಷಧವನ್ನು ಸಾಮಾನ್ಯವಾಗಿ 10 ದಿನ ಕೊಡುತ್ತಾರೆ, ಮೂರನೇ ದಿನಕ್ಕೆ ನೋವು ಹೋಯಿತು ಅಂತ ಬಿಡುವ ಹಾಗಿಲ್ಲ. ಸರಿಯಾಗಿ ಚಿಕಿತ್ಸೆ ಆಗದಿದ್ದರೆ ಕೆಲವರಿಗೆ ಕೆಲವು ವಾರದ ನಂತರ ರುಮ್ಯಾಟಿಕ್ ಜ್ವರ ಬಂದು ಹೃದಯದ ಕವಾಟ ಕೆಡಬಹುದು.

ಹಾಸ್ಟೆಲ್‌ಗೆ ಬಂದ ಮೇಲೆ ಚೀಟಿಯ ಫೋಟೋ ಜೊತೆ ಇನ್ನೊಂದು ಮೆಸೇಜ್ ಹಾಕಿ: "ಮೇಡಂ, ಡಾಕ್ಟರ್ ನೋಡಿದರು. 10 ದಿನಕ್ಕೆ ಮಾತ್ರೆ ಕೊಟ್ಟಿದ್ದಾರೆ, ಮೊದಲನೆಯದು ಇವತ್ತು ಮಧ್ಯಾಹ್ನ 12ಕ್ಕೆ ತಗೊಂಡೆ. ಶುಕ್ರವಾರ ಬೆಳಗ್ಗೆ ಜ್ವರ ಇಲ್ಲದಿದ್ದರೆ ರೂಮ್ 14ಕ್ಕೆ ಹೋಗಬಹುದು ಅಂದರು. ಅಲ್ಲಿಯವರೆಗೆ ಗಂಜಿ ರೂಮಿಗೇ ಕಳಿಸಲು ಅಡುಗೆ ಅಕ್ಕನಿಗೆ ಹೇಳಿ ಮೇಡಂ. ಇನ್ನೊಬ್ಬಳನ್ನೂ ತೋರಿಸಿ ಅಂದಿದ್ದಾರೆ, ಅವಳು ನಾಳೆ ಹೋಗಲು ಅನುಮತಿ ಕೊಡಿ."