ಜಠರದ ಸ್ಲೈಡ್ ಓದುವುದು ಹೇಗೆ? ಬಣ್ಣಕ್ಕಿಂತ ಮೊದಲು ನ್ಯೂಕ್ಲಿಯಸ್ ನೋಡಿ

ಜಠರದ ಸ್ಲೈಡ್ ಕೈಗೆ ಬಂದ ತಕ್ಷಣ ಹೆಚ್ಚಿನ ವಿದ್ಯಾರ್ಥಿಗಳು ನೇರವಾಗಿ 40ರ ಲೆನ್ಸ್ ತಿರುಗಿಸುತ್ತಾರೆ. ಗುಲಾಬಿ ಕೋಶ ಕಂಡರೆ ಪ್ಯಾರೈಟಲ್, ನೀಲಿ ಕಂಡರೆ ಚೀಫ್ ಎಂದು ಬರೆದು ಮುಗಿಸುತ್ತಾರೆ. ಅರ್ಧ ತಪ್ಪುಗಳು ಹುಟ್ಟುವುದೇ ಇಲ್ಲಿ. ಕೋಶ ನೋಡುವ ಮೊದಲು, ಇದು ಜಠರದ ಯಾವ ಭಾಗ ಎಂದು ತಿಳಿಯಬೇಕು.

ಹಂತ 1: ಪದರಗಳು. 4ರ ಲೆನ್ಸ್ ಸಾಕು. ಒಳಗಿನಿಂದ ಹೊರಕ್ಕೆ ಲೋಳೆಪದರ, ಸಬ್‌ಮ್ಯೂಕೋಸ, ಸ್ನಾಯುಪದರ, ಸೀರೋಸ. ಗ್ರಂಥಿಗಳೆಲ್ಲ ಲೋಳೆಪದರದಲ್ಲೇ ಮುಗಿಯಬೇಕು. ಅವು ಸಬ್‌ಮ್ಯೂಕೋಸಕ್ಕೂ ಇಳಿದಿದ್ದರೆ ನೀವು ನೋಡುತ್ತಿರುವುದು ಡ್ಯುಯೊಡಿನಮ್ ಇರಬಹುದು.

ಹಂತ 2: ಗುಂಡಿಯ ಆಳ. ಲೋಳೆಪದರದ ಮೇಲ್ಮೈ ಒಳಕ್ಕೆ ಬಗ್ಗಿ ಗುಂಡಿಗಳಾಗಿರುತ್ತದೆ. ಇವನ್ನೇ ಪಿಟ್ ಎನ್ನುತ್ತೇವೆ. ಗ್ರಂಥಿಗಳು ಇವುಗಳ ತಳದಲ್ಲಿ ತೆರೆದುಕೊಳ್ಳುತ್ತವೆ. ಗುಂಡಿ ಲೋಳೆಪದರದ ಸುಮಾರು ಕಾಲು ಭಾಗದಷ್ಟೇ ಇಳಿದು, ಕೆಳಗೆ ನೀಳವಾದ ನೇರ ಗ್ರಂಥಿಗಳಿದ್ದರೆ ಅದು ಜಠರದ ಮೇಲ್ಭಾಗದ ಫಂಡಸ್ ಅಥವಾ ನಡುಭಾಗದ ಬಾಡಿ. ಗುಂಡಿ ಅರ್ಧದವರೆಗೆ ಅಥವಾ ಇನ್ನೂ ಜಾಸ್ತಿ ಇಳಿದು, ಗ್ರಂಥಿಗಳು ಸುರುಳಿ ಸುತ್ತಿಕೊಂಡು ಪೇಲವವಾಗಿ ಕಂಡರೆ ಕರುಳಿನ ಕಡೆಯ ಪೈಲೋರಸ್. ಅನ್ನನಾಳ ಸೇರುವ ಕಾರ್ಡಿಯಾದಲ್ಲೂ ಲೋಳೆ ಗ್ರಂಥಿಗಳೇ ಇರುವುದರಿಂದ, ಪಕ್ಕದಲ್ಲಿ ಅನ್ನನಾಳದ ಚಪ್ಪಟೆ ಕೋಶಗಳ ಪದರ ಕಂಡರೆ ಮಾತ್ರ ಆ ಹೆಸರು ಧೈರ್ಯವಾಗಿ ಬರೆಯಿರಿ. ಫಂಡಸ್ ಮತ್ತು ಬಾಡಿಯನ್ನು ಸ್ಲೈಡ್ ನೋಡಿ ಬೇರೆ ಮಾಡಲು ಆಗುವುದಿಲ್ಲ. ಸುಮ್ನೆ ಸಮಯ ಹಾಳು ಮಾಡಬೇಡಿ.

ಓರೆಯಾಗಿ ಕತ್ತರಿಸಿದ ಜಾಗದಲ್ಲಿ ಈ ಅಳತೆ ನಂಬಬೇಡಿ. ಅಲ್ಲಿ ಗ್ರಂಥಿಗಳು ಉದ್ದ ಕೊಳವೆಗಳಾಗಿ ಕಾಣದೆ ಉಂಗುರಗಳಾಗಿ ಕಾಣುತ್ತವೆ. ಸ್ಲೈಡ್ ಸರಿಸಿ, ಗುಂಡಿಯಿಂದ ತಳದವರೆಗೆ ಒಂದೇ ಗ್ರಂಥಿ ಉದ್ದಕ್ಕೂ ಸಿಗುವ ಜಾಗ ಹುಡುಕಿ.

ಹಂತ 3: ಬಾಡಿಯ ಒಂದು ಗ್ರಂಥಿ, ಮೇಲಿನಿಂದ ಕೆಳಕ್ಕೆ. ಇಲ್ಲಿ ನಿಧಾನ ಬೇಕು. ಈಗ 40ರ ಲೆನ್ಸ್ ಹಾಕಿ.

ಮೇಲ್ಮೈ ಮತ್ತು ಗುಂಡಿಯಲ್ಲಿ ಎತ್ತರದ ಲೋಳೆ ಕೋಶಗಳು ಸಾಲಾಗಿರುತ್ತವೆ. ಇವುಗಳ ಲೋಳೆ ಮತ್ತು ಬೈಕಾರ್ಬನೇಟ್ ಜಠರದ ಗೋಡೆಯನ್ನು ಆಮ್ಲದಿಂದ ಕಾಯುತ್ತವೆ. ಕುತ್ತಿಗೆಯ ಭಾಗಕ್ಕೆ ಇಳಿದರೆ ದೊಡ್ಡ, ದುಂಡನೆಯ ಗುಲಾಬಿ ಕೋಶಗಳು ಶುರುವಾಗುತ್ತವೆ. ಇವು ಪ್ಯಾರೈಟಲ್ ಕೋಶಗಳು. ದುಂಡು ನ್ಯೂಕ್ಲಿಯಸ್ ನಟ್ಟ ನಡುವೆ ಇರುವುದರಿಂದ ಎಣ್ಣೆಯಲ್ಲಿ ಹುರಿದ ಮೊಟ್ಟೆಯಂತೆ ಕಾಣುತ್ತವೆ. ಆಮ್ಲವನ್ನು ಹೊರಕ್ಕೆ ಪಂಪ್ ಮಾಡಲು ಬಹಳ ಶಕ್ತಿ ಬೇಕು. ಅದಕ್ಕಾಗಿ ಒಳಗೆ ಮೈಟೊಕಾಂಡ್ರಿಯಾ ತುಂಬಿಕೊಂಡಿರುತ್ತವೆ, ಅವೇ ಇಯೋಸಿನ್ ಎಂಬ ಬಣ್ಣ ಹೀರಿ ಗುಲಾಬಿಯಾಗುತ್ತವೆ. ಹೈಡ್ರೋಕ್ಲೋರಿಕ್ ಆಮ್ಲದ ಜೊತೆಗೆ ಇಂಟ್ರಿನ್ಸಿಕ್ ಫ್ಯಾಕ್ಟರ್ ಅನ್ನೂ ಸುರಿಸುವುದು ಇವೇ. ಅದಿಲ್ಲದಿದ್ದರೆ ಬಿ12 ವಿಟಮಿನ್ ಸಣ್ಣ ಕರುಳಿನಲ್ಲಿ ಸರಿಯಾಗಿ ಹೀರಲ್ಪಡುವುದಿಲ್ಲ.

ತಳದ ಕಡೆ ಚೀಫ್ ಕೋಶಗಳು ಹೆಚ್ಚು. ನ್ಯೂಕ್ಲಿಯಸ್ ಬುಡಕ್ಕೆ ಇಳಿದಿರುತ್ತದೆ, ಬುಡದ ಸುತ್ತ ನೀಲಿ. ಪೆಪ್ಸಿನೋಜೆನ್ ಎಂಬ ಪ್ರೋಟೀನ್ ಅಲ್ಲಿ ತಯಾರಾಗುತ್ತದೆ. ಅದು ಆಮ್ಲ ತಾಗಿದ ಮೇಲೆ ಪೆಪ್ಸಿನ್ ಆಗುತ್ತದೆ. ಕೋಶದ ಮೇಲ್ಭಾಗದ ಕಣಗಳು ಸ್ಲೈಡ್ ತಯಾರಿಸುವಾಗ ಹೆಚ್ಚಾಗಿ ಕರಗಿಹೋಗುತ್ತವೆ. ಆ ಭಾಗ ಪೇಲವವಾಗಿ, ನೊರೆಯಂತೆ ಕಾಣುತ್ತದೆ. ಇದನ್ನು ನೋಡಿ "ಲೋಳೆ ಕೋಶ" ಎಂದು ಬರೆಯುವವರು ಬಹಳ.

ಹಾಗಾದರೆ ಕುತ್ತಿಗೆಯ ಲೋಳೆ ಕೋಶ ಯಾವುದು? ಅದು ಪ್ಯಾರೈಟಲ್ ಕೋಶಗಳ ನಡುವೆ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡು ಆಕಾರ ಕಳೆದುಕೊಂಡಿರುತ್ತದೆ. ಲೋಳೆಯನ್ನು ತೋರಿಸುವ ಪಿಎಎಸ್ ಬಣ್ಣ ಹಾಕಿದರೆ ಅದು ಕೆನ್ನೇರಳೆಯಾಗಿ ಎದ್ದು ಕಾಣುತ್ತದೆ, ಚೀಫ್ ಕೋಶ ಹಾಗೆ ಕಾಣುವುದಿಲ್ಲ. ಅನುಮಾನವಿದ್ದರೆ ಪಿಎಎಸ್ ಸ್ಲೈಡ್ ಕೇಳಿ, ಊಹಿಸಬೇಡಿ.

ಒಂದು ಸ್ಲೈಡ್ ತೆಗೆದುಕೊಳ್ಳೋಣ. ಗುಂಡಿ ಕಾಲು ಭಾಗ, ಗ್ರಂಥಿ ನೇರ: ಬಾಡಿ ಅಥವಾ ಫಂಡಸ್. ಆದರೆ ಸ್ಲೈಡ್ ಹಳೆಯದು, ನೀಲಿ ಮಾಸಿ ಎಲ್ಲವೂ ಗುಲಾಬಿ. ಬಣ್ಣ ನೋಡಿದರೆ ತಳದವರೆಗೂ ಪ್ಯಾರೈಟಲ್ ಕೋಶಗಳೇ ಎನಿಸುತ್ತದೆ. ಈಗ ನ್ಯೂಕ್ಲಿಯಸ್ ಮಾತ್ರ ನೋಡಿ. ಮೇಲೆ ನಡುವಿನಲ್ಲಿದೆ, ಕೆಳಗೆ ಬುಡದಲ್ಲಿದೆ. ಕೆಳಗಿನವು ಚೀಫ್ ಕೋಶಗಳೇ. ಎರಡೂ ಅಲ್ಲಲ್ಲಿ ಬೆರೆತಿರುತ್ತವೆ, ಗೆರೆ ಎಳೆದಂತೆ ಬೇರೆಯಾಗಿರುವುದಿಲ್ಲ. ಬಣ್ಣ ವಿಪರೀತ ಹೆಚ್ಚಿಸಿದ ಚಿತ್ರಗಳ ಅಟ್ಲಾಸ್ ನೋಡಿ ಕಲಿತವರು ಇಲ್ಲೇ ಎಡವುತ್ತಾರೆ. ನನ್ನ ಮಾತು ಕೇಳುವುದಾದರೆ ಅಂಥ ಅಟ್ಲಾಸ್ ಬದಿಗಿಟ್ಟು, ಕಂಡದ್ದರ ಚಿತ್ರವನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಪೆನ್ಸಿಲ್‌ಗೆ ಬಣ್ಣವಿಲ್ಲ, ಆದ್ದರಿಂದ ನ್ಯೂಕ್ಲಿಯಸ್ ಎಲ್ಲಿದೆ ಎಂದು ಗಮನಿಸಲೇಬೇಕಾಗುತ್ತದೆ.

ಹಂತ 4: ಕಾಣದ ಕೋಶಗಳು. ಪೈಲೋರಸ್‌ನ ಜಿ ಕೋಶಗಳು ಗ್ಯಾಸ್ಟ್ರಿನ್ ಎಂಬ ಹಾರ್ಮೋನ್ ಬಿಡುತ್ತವೆ. ಅದು ರಕ್ತದ ಮೂಲಕ ಜಠರದ ಬಾಡಿ ಭಾಗಕ್ಕೆ ಬಂದು, ಅಲ್ಲಿನ ಇಸಿಎಲ್ ಕೋಶಗಳಿಂದ ಹಿಸ್ಟಮಿನ್ ಬಿಡಿಸಿ, ಪ್ಯಾರೈಟಲ್ ಕೋಶದ ಆಮ್ಲ ಹೆಚ್ಚಿಸುತ್ತದೆ. ಡಿ ಕೋಶಗಳ ಸೊಮಾಟೊಸ್ಟಾಟಿನ್ ಅದನ್ನು ತಡೆಯುತ್ತದೆ. ಸಾಮಾನ್ಯ ಎಚ್ ಅಂಡ್ ಇ ಸ್ಲೈಡ್‌ನಲ್ಲಿ ಇವುಗಳಲ್ಲಿ ಯಾವುದು ಯಾವುದೆಂದು ಹೇಳಲು ಸಾಧ್ಯವಿಲ್ಲ, ಇಮ್ಯುನೊ ಬಣ್ಣವೇ ಬೇಕು. ಚಿತ್ರದಲ್ಲಿ ಒಂದು ಪೇಲವ ಕೋಶಕ್ಕೆ ಬಾಣ ಹಾಕಿ "ಜಿ ಕೋಶ" ಎಂದು ಬರೆದರೆ ನಾನು ಅಂಕ ಕೊಡುವುದಿಲ್ಲ.