ಆರ್‌ಟಿಸಿಯಲ್ಲಿ ಹೆಸರು ಬಂತು, ಜಾಗ ಬಂತಾ?

ಊರಲ್ಲಿ ಜಾಗದ ಮಾತು ಬಂದಾಗ ಮೊದಲು ಹೊರಗೆ ಬರುವುದು ಆರ್‌ಟಿಸಿ. ‘ನೋಡಿ, ನನ್ನದೇ ಹೆಸರುಂಟು’ ಅಂತ ಮಡಚಿದ ಕಾಗದ ಬಿಡಿಸಿ ಒಂಬತ್ತನೇ ಕಾಲಂ ಮೇಲೆ ಬೆರಳಿಡುತ್ತಾರೆ. ಹೆಸರು ಇರುತ್ತದೆ, ನಿಜ. ಆದರೆ ಆ ಹೆಸರು ಅಲ್ಲಿಗೆ ಹೇಗೆ ಬಂತು ಅನ್ನುವುದು ಆ ಹಾಳೆಯಲ್ಲಿ ಪೂರ್ತಿ ಇರುವುದಿಲ್ಲ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಬ್ರಹ್ಮಾವರ ಕಡೆಯ ಒಂದು ಮನೆ. ಅಪ್ಪ ದುಡಿದು, ಕ್ರಯಪತ್ರ ಮಾಡಿಸಿ ತೆಗೆದುಕೊಂಡ 90 ಸೆಂಟ್ಸ್ ಜಾಗ. ವೀಲು ಬರೆಯದೆ ತೀರಿಕೊಂಡರು. ಮನೆಯಲ್ಲಿ ಅಮ್ಮ, ಊರಲ್ಲೇ ಇರುವ ದೊಡ್ಡ ಮಗ, ಮುಂಬೈಯಲ್ಲಿರುವ ಚಿಕ್ಕ ಮಗ, ಕುಂದಾಪುರಕ್ಕೆ ಮದುವೆಯಾಗಿ ಹೋದ ಮಗಳು. ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ನಾಲ್ವರಿಗೂ ಸಮಪಾಲು, ಅಂದರೆ ತಲಾ 22.5 ಸೆಂಟ್ಸ್. ಈ ಹಕ್ಕು ಅಪ್ಪ ಕಣ್ಣು ಮುಚ್ಚಿದ ಗಳಿಗೆಯಲ್ಲೇ ಬರುತ್ತದೆ. ತಾಲೂಕು ಕಚೇರಿಗಾಗಿ ಕಾಯುವುದಿಲ್ಲ. (ಹೆಣ್ಣಿನ ಕಡೆಯಿಂದ ವಂಶ ಎಣಿಸುವ ಅಳಿಯಕಟ್ಟಿನ ಕುಟುಂಬದ ಜಾಗವಾದರೆ ಲೆಕ್ಕವೇ ಬೇರೆ. ಕ್ರೈಸ್ತರಿಗೆ, ಮುಸ್ಲಿಮರಿಗೆ ಅವರವರ ಕಾನೂನು.)

ಈಗ ಖಾತೆ ಬದಲಾಗಬೇಕು. ಇದಕ್ಕೆ ಪೌತಿ ಖಾತೆ ಅನ್ನುತ್ತಾರೆ. ಮೊದಲು ಮರಣ ಪ್ರಮಾಣಪತ್ರ. ಆಮೇಲೆ ನಾಡಕಚೇರಿಯಿಂದ ವಂಶವೃಕ್ಷ. ಇವೆರಡನ್ನೂ ಆರ್‌ಟಿಸಿ ಮತ್ತು ಆಧಾರ್ ಜೊತೆ ಇಟ್ಟು ಅರ್ಜಿ ಕೊಡಬೇಕು. ಗ್ರಾಮ ಆಡಳಿತಾಧಿಕಾರಿ, ಅಂದರೆ ನಾವು ಈಗಲೂ ವಿ.ಎ. ಎಂದೇ ಕರೆಯುವವರು, ವಿಚಾರಿಸಿ ವರದಿ ಕೊಡುತ್ತಾರೆ. ‘ಆಕ್ಷೇಪ ಇದ್ದರೆ ಹೇಳಿ’ ಅಂತ ನೋಟಿಸ್ ಹೊರಡುತ್ತದೆ. ಯಾರೂ ತಕರಾರು ಹಾಕದಿದ್ದರೆ ಖಾತೆ ಬದಲಾವಣೆಯ, ಅಂದರೆ ಮ್ಯುಟೇಷನ್ನಿನ, ರಿಜಿಸ್ಟರಿನಲ್ಲಿ ಎಂ.ಆರ್. ನಂಬರ್ ಬಿದ್ದು ಆರ್‌ಟಿಸಿಯಲ್ಲಿ ಹೊಸ ಹೆಸರು ಬರುತ್ತದೆ. ತಕರಾರು ಬಂದರೆ ಅದು ತಕರಾರು ಪ್ರಕರಣವಾಗಿ ವಿಚಾರಣೆಗೆ ಹೋಗುತ್ತದೆ.

ಇದೆಲ್ಲದರಲ್ಲಿ ನಿಜಕ್ಕೂ ಮುಖ್ಯವಾದ ಕಾಗದ ವಂಶವೃಕ್ಷ. ಅದರಲ್ಲಿ ಒಂದು ಹೆಸರು ಬಿಟ್ಟುಹೋದರೆ ಆ ಮುಂದಿನದೆಲ್ಲ ಅದೇ ತಪ್ಪಿನ ಮೇಲೆ ನಡೆಯುತ್ತದೆ. ನೋಟಿಸ್ ಚಾವಡಿಯ ಗೋಡೆಯಲ್ಲಿದ್ದರೆ ಮುಂಬೈಯಲ್ಲಿರುವ ತಮ್ಮನಿಗೆ ಗೊತ್ತಾಗುವುದು ಹೇಗೆ? ಇನ್ನೊಂದು ದಾರಿಯೂ ಉಂಟು, ಅದೇ ನಮ್ಮಲ್ಲಿ ಜಾಸ್ತಿ. ‘ಸುಮ್ನೆ ಓಡಾಟಕ್ಕೆ ಸುಲಭ ಆಗ್ಲಿ, ಖಾತೆ ಅಣ್ಣನ ಹೆಸರಿಗೇ ಇರ್ಲಿ’ ಅಂತ ತಂಗಿ, ತಮ್ಮ ಛಾಪಾ ಕಾಗದದಲ್ಲಿ ಒಪ್ಪಿಗೆ ಬರೆದು ನೋಟರಿ ಮಾಡಿಸಿ ಕೊಡುತ್ತಾರೆ. ಅದು ಖಾತೆಗೆ ಕೊಟ್ಟ ಒಪ್ಪಿಗೆ ಅಷ್ಟೇ. ಪಾಲು ಬಿಟ್ಟುಕೊಟ್ಟಂತೆ ಆಗಬೇಕಾದರೆ ಸಬ್‌ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾದ ಹಕ್ಕು ಖುಲಾಸೆ ಪತ್ರವೇ ಬೇಕು.

ನಮ್ಮ ಉದಾಹರಣೆಯಲ್ಲೂ ವಂಶವೃಕ್ಷದಲ್ಲಿ ತಂಗಿಯ ಹೆಸರು ಬಿಟ್ಟುಹೋಯಿತು, ಅಮ್ಮ, ತಮ್ಮ ಖಾತೆಗೆ ಒಪ್ಪಿಗೆ ಬರೆದುಕೊಟ್ಟರು ಅಂದುಕೊಳ್ಳಿ. 90 ಸೆಂಟ್ಸ್ ಪೂರ್ತಿ ಅಣ್ಣನೊಬ್ಬನ ಹೆಸರಿಗೆ ಬಂತು. ಕೆಲವು ವರ್ಷ ಕಳೆದು ಅವನು ಅಷ್ಟನ್ನೂ ಮಾರಿದ. ಕ್ರಯಪತ್ರ ನೋಂದಣಿಯಾಯಿತು. ಮಾರಾಟದಲ್ಲಿ ಖಾತೆಗಾಗಿ ಅಷ್ಟು ಓಡಾಡಬೇಕಾಗಿಲ್ಲ. ನೋಂದಣಿ ಕಚೇರಿಯಿಂದಲೇ ಜಾಗದ ದಾಖಲೆ ಇಡುವ ಸರಕಾರದ ‘ಭೂಮಿ’ ಕಂಪ್ಯೂಟರ್ ವ್ಯವಸ್ಥೆಗೆ ಮಾಹಿತಿ ಹೋಗುತ್ತದೆ. ಸರ್ವೆ ನಂಬರಿನ ಒಂದು ತುಂಡು ಮಾತ್ರ ಮಾರುವುದಾದರೆ ಮೊದಲು ಆ ತುಂಡನ್ನು ಅಳೆದು ತೋರಿಸುವ 11ಇ ನಕ್ಷೆ ಆಗಿರಬೇಕು. ಇಲ್ಲಿ ಇಡೀ ಜಾಗವಾದ್ದರಿಂದ ಅದೂ ಬೇಡ. ಕೊಂಡವರ ಹೆಸರು ಆರ್‌ಟಿಸಿಗೆ ಬಂತು. ಬೇಲಿ ಹಾಕಿ ಅಡಿಕೆ ಸಸಿ ನೆಟ್ಟರು.

ಆಮೇಲೆ ಒಂದು ದಿನ ತಂಗಿ ಪಾಲು ಕೇಳಿ ದಾವೆ ಹಾಕಿದಳು.

ಕೊಂಡವರು ವಕೀಲರ ಮುಂದೆ ಇಡುವುದು ಎರಡೇ ಕಾಗದ. ಆರ್‌ಟಿಸಿ ಮತ್ತು ಋಣಭಾರ ಪತ್ರ. ಎರಡೂ ಸ್ವಚ್ಛ. ಆದರೆ ಋಣಭಾರ ಪತ್ರದಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ಸಾವು ನೋಂದಣಿ ಕಚೇರಿಯ ವ್ಯವಹಾರ ಅಲ್ಲವಲ್ಲ, ಹಾಗಾಗಿ ವಾರಸಿಕೆಯಿಂದ ಬಂದ ಪಾಲು ಅದರಲ್ಲಿ ಕಾಣುವುದೇ ಇಲ್ಲ. ನೋಂದಣಿಯಾಗದ ವೀಲೂ ಕಾಣುವುದಿಲ್ಲ. ಇನ್ನು ಆರ್‌ಟಿಸಿ ಇರುವುದು ಸರಕಾರಕ್ಕೆ ತೀರ್ವೆ ಯಾರು ಕಟ್ಟಬೇಕು ಅಂತ ಗೊತ್ತಾಗಲಿಕ್ಕೆ. ಮ್ಯುಟೇಷನ್ನಿನಿಂದ ಹಕ್ಕು ಹುಟ್ಟುವುದಿಲ್ಲ, ಇರುವ ಹಕ್ಕು ಹೋಗುವುದೂ ಇಲ್ಲ ಅಂತ ಸುಪ್ರೀಂ ಕೋರ್ಟ್ 1996ರ ಸವರ್ಣಿ ಪ್ರಕರಣದಲ್ಲಿ ಹೇಳಿತ್ತು. 2021ರಲ್ಲಿ ಜಿತೇಂದ್ರ ಸಿಂಗ್ ಪ್ರಕರಣದಲ್ಲಿ ಮತ್ತೆ ಅದನ್ನೇ ಹೇಳಿತು.

ಹಾಗಂತ ಆರ್‌ಟಿಸಿ ಬರೀ ಕಾಗದ ಅಲ್ಲ. ಕರ್ನಾಟಕ ಭೂಕಂದಾಯ ಕಾಯ್ದೆಯ 133ನೇ ಸೆಕ್ಷನ್ ಪ್ರಕಾರ, ಸುಳ್ಳು ಅಂತ ತೋರಿಸುವವರೆಗೆ ಅದರಲ್ಲಿರುವುದು ನಿಜ ಎಂದೇ ಎಣಿಕೆ. ಇಲ್ಲಿ ತಂಗಿ ತನ್ನ ಜನನ ಪ್ರಮಾಣಪತ್ರ, ಶಾಲೆಯ ದಾಖಲೆ ತೋರಿಸಿ ತಾನೂ ಮಗಳು ಅಂದಳು. ಅಲ್ಲಿಗೆ ಆ ಎಣಿಕೆ ಮುರಿಯಿತು. ಅಣ್ಣನಿಗೆ ಇದ್ದದ್ದು 22.5 ಸೆಂಟ್ಸ್. ತನ್ನಲ್ಲಿ ಇಲ್ಲದ್ದನ್ನು ಅವನು ಮಾರುವುದು ಹೇಗೆ? 90 ಸೆಂಟ್ಸಿಗೆ ದುಡ್ಡು ಕೊಟ್ಟವರ ಕೈಯಲ್ಲಿ ಉಳಿಯುವುದು ಅಣ್ಣನ ಆ ಪಾಲು ಮಾತ್ರ. ಅದು ಜಾಗದ ಯಾವ ಮೂಲೆಯಲ್ಲಿ ಅನ್ನುವುದೂ ವಿಭಾಗ ಆದಮೇಲೆಯೇ ಗೊತ್ತಾಗುವುದು.

ಹಾಗಾದರೆ ಕೊಳ್ಳುವ ಮುಂಚೆ ಏನು ನೋಡಬೇಕು? ಆರ್‌ಟಿಸಿಯ ಹತ್ತನೇ ಕಾಲಂನಲ್ಲಿ ಹಕ್ಕು ಬಂದ ರೀತಿ ಮತ್ತು ಎಂ.ಆರ್. ನಂಬರ್ ಇರುತ್ತದೆ. landrecords.karnataka.gov.in ನಲ್ಲಿ ಮ್ಯುಟೇಷನ್ ವಿವರ ತೆಗೆದು ನೋಡಬಹುದು. ‘ಕ್ರಯ’ ಅಂತಿದ್ದರೆ ಆ ಕ್ರಯಪತ್ರ ತರಿಸಿ ಓದಿ. ‘ವಿಭಾಗ’ ಅಂತಿದ್ದರೆ ವಿಭಾಗಪತ್ರ. ‘ಪೌತಿ’ ಅಂತಿದ್ದರೆ ಅಲ್ಲೇ ನಿಲ್ಲಿ. ತಾಲೂಕು ಕಚೇರಿಯಲ್ಲಿ ಆ ಮ್ಯುಟೇಷನ್ ಕಡತದ ದೃಢೀಕೃತ ನಕಲು ಕೇಳಿ, ಅದರಲ್ಲಿರುವ ವಂಶವೃಕ್ಷ ನೋಡಿ. ಒಬ್ಬನೇ ಮಗ ಅಂತ ಬರೆದಿದೆಯಾ? ಐದು ಜನರಿದ್ದೂ ಖಾತೆ ಒಬ್ಬನಿಗೆ ಹೋಗಿದೆಯಾ? ಹೋಗಿದ್ದರೆ ಖುಲಾಸೆ ಪತ್ರ ಎಲ್ಲಿ?

ವಂಶವೃಕ್ಷವನ್ನೇ ನಂಬುವುದು ಹೇಗೆ ಅಂತ ಕೇಳಬಹುದು. ನಮ್ಮ ಊರಲ್ಲಿ ಇದಕ್ಕೊಂದು ಸುಲಭದ ದಾರಿ ಉಂಟು. ತೀರಿಕೊಂಡವರ ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಕರೆಯೋಲೆ ಕಾಗದ ಯಾರ ಮನೆಯಲ್ಲಾದರೂ ಇದ್ದರೆ ನೋಡಿ. ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಅಳಿಯಂದಿರು, ಎಲ್ಲರ ಹೆಸರೂ ಕೆಳಗೆ ಸಾಲಾಗಿ ಅಚ್ಚಾಗಿರುತ್ತದೆ. ಖಾತೆಗೆ ಬರುವಾಗ ಮರೆತುಹೋದ ಮಗಳು ಆ ಕಾಗದದಲ್ಲಿ ಖಂಡಿತ ಇರುತ್ತಾಳೆ. ಅದು ಕೋರ್ಟಿಗೆ ಸಾಲದಿರಬಹುದು, ಯಾರನ್ನು ವಿಚಾರಿಸಬೇಕು ಅಂತ ತಿಳಿಯಲು ಸಾಕು.

ಹೆಸರು ಬಿಟ್ಟುಹೋದ ತಂಗಿಯ ಕಡೆಯಿಂದ ನೋಡಿದರೆ, ಅವಳಿಗೆ ಎರಡು ಬಾಗಿಲು. ಪೌತಿ ಖಾತೆಯ ಆದೇಶದ ವಿರುದ್ಧ 60 ದಿನದೊಳಗೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಕೊಡಬಹುದು. ಉಡುಪಿ ಜಿಲ್ಲೆಯವರಿಗೆ ಅದು ಕುಂದಾಪುರದಲ್ಲಿ. ಆದರೆ ಅವರು ಸರಿಮಾಡುವುದು ದಾಖಲೆಯನ್ನು ಮಾತ್ರ. ಜಾಗದಲ್ಲಿ ಯಾರಿಗೆ ಎಷ್ಟು ಹಕ್ಕು ಅಂತ ತೀರ್ಮಾನಿಸುವುದು ಸಿವಿಲ್ ಕೋರ್ಟ್. ವೀಲಿನ ಮೇಲೆ ಜಗಳ ಇದ್ದರೂ ಅಷ್ಟೆ. ಅಲ್ಲಿ ತೀರ್ಪಾದರೆ ಅದರಂತೆ ಖಾತೆ ಬದಲಾಗುತ್ತದೆ.

ಇಷ್ಟು ಓದಿ ‘ಹಾಗಾದ್ರೆ ಪೌತಿ ಖಾತೆ ಯಾಕೆ ಮಾಡಿಸ್ಬೇಕು’ ಅನ್ನಬೇಡಿ. ತೀರಿಹೋದ ಅಜ್ಜನ ಹೆಸರಲ್ಲೇ ಆರ್‌ಟಿಸಿ ಇದ್ದರೆ ಸೊಸೈಟಿಯ ಸಾಲ ಸಿಗುವುದು ಕಷ್ಟ, ಹೆದ್ದಾರಿಗೆ ಜಾಗ ಹೋದಾಗ ಪರಿಹಾರವೂ ಸಿಕ್ಕಿಹಾಕಿಕೊಳ್ಳುತ್ತದೆ. ಮಾಡಿಸಿ, ಆದರೆ ಎಲ್ಲ ವಾರಸುದಾರರ ಹೆಸರಲ್ಲಿ ಜಂಟಿಯಾಗಿ ಮಾಡಿಸಿ.

ಈಗಾಗಲೇ ಇಂಥ ಜಾಗ ಕೊಂಡು ಕೂತಿದ್ದರೆ, ಮತ್ತು ಅಮ್ಮ, ತಮ್ಮ, ತಂಗಿ ಇನ್ನೂ ಮಾತಿಗೆ ಸಿಗುತ್ತಿದ್ದರೆ, ಅವರ ಪಾಲಿಗೆ ಸಂಬಂಧಿಸಿದ ಪತ್ರವನ್ನು ಈಗಲೇ ಬರೆಸಿ ನೋಂದಣಿ ಮಾಡಿಸಿಕೊಳ್ಳಿ. ಅವರು ಅದಕ್ಕೆ ದುಡ್ಡು ಕೇಳುತ್ತಾರೆ. ಕೇಳುವುದು ಅವರದೇ ಪಾಲಿನ ದುಡ್ಡು.