ಮಂಜೇಶ್ವರದ ಮರಾಟಿ ಸರ್ಟಿಫಿಕೇಟ್ ತಿರಸ್ಕಾರವಾಯಿತೇ? ಮಂಡಳಿಗೆ ಹೀಗೆ ಬರೆಯಿರಿ

ಪೈವಳಿಕೆಯ ಒಬ್ಬ ಹುಡುಗಿ ಕೇಂದ್ರ ಸರಕಾರದ ಕೆಲಸವೊಂದಕ್ಕೆ ಪರಿಶಿಷ್ಟ ಪಂಗಡದ ಮೀಸಲಾತಿಯಲ್ಲಿ ಅರ್ಜಿ ಹಾಕಿದ್ದಾಳೆ ಎಂದುಕೊಳ್ಳಿ. ಜಾತಿ ಮರಾಟಿ. ಸರ್ಟಿಫಿಕೇಟ್ ಕೊಟ್ಟವರು ಮಂಜೇಶ್ವರದ ತಹಶೀಲ್ದಾರರು. ಕೆಲವು ವಾರ ಬಿಟ್ಟು ನೋಡಿದರೆ ನೇಮಕಾತಿ ಮಂಡಳಿ ಅರ್ಜಿಯನ್ನು ತಿರಸ್ಕರಿಸಿದೆ. ಪಕ್ಕದಲ್ಲಿ ಒಂದೇ ಸಾಲು: 'ಈ ತಾಲೂಕಿಗೆ ಈ ಜಾತಿ ಪಟ್ಟಿಯಲ್ಲಿಲ್ಲ.'

ತಪ್ಪು ಅವಳದ್ದಲ್ಲ. ಮರಾಟಿ ಸಮುದಾಯವನ್ನು ಒಮ್ಮೆ ಕೇರಳದ ಪರಿಶಿಷ್ಟ ಪಂಗಡಗಳ ಪಟ್ಟಿಯಿಂದ ತೆಗೆದಿದ್ದರು. 2013ರ ತಿದ್ದುಪಡಿ ಅದನ್ನು ಮತ್ತೆ ಸೇರಿಸಿತು. ಆದರೆ ಇಡೀ ರಾಜ್ಯಕ್ಕಲ್ಲ, ಕಾಸರಗೋಡು ಜಿಲ್ಲೆಯ ಹೊಸದುರ್ಗ ಮತ್ತು ಕಾಸರಗೋಡು ತಾಲೂಕುಗಳಿಗೆ ಮಾತ್ರ. ಮಂಜೇಶ್ವರ ತಾಲೂಕು ಕಾಸರಗೋಡು ತಾಲೂಕಿನಿಂದಲೇ ಒಡೆದು ಬಂದದ್ದು. ವೆಳ್ಳರಿಕುಂಡು ಹೊಸದುರ್ಗದಿಂದ. ದೂರದ ಊರಿನಲ್ಲಿ ಕೂತು ಪಟ್ಟಿ ನೋಡುವವರಿಗೆ ಇದು ಗೊತ್ತಿರುವುದಿಲ್ಲ. ಪಟ್ಟಿಯಲ್ಲಿ ಎರಡು ಹೆಸರು, ಸರ್ಟಿಫಿಕೇಟಿನಲ್ಲಿ ಮೂರನೆಯದು. ಅಷ್ಟಕ್ಕೇ ಒಂದು ಮಗುವಿನ ವರ್ಷಗಳ ಓದು ನಿಂತುಹೋಗುತ್ತದೆ ಎಂದರೆ ಸಂಕಟವಾಗುತ್ತದೆ.

ಬರೆಯಲು ಕೂರುವ ಮೊದಲು ಸರ್ಟಿಫಿಕೇಟನ್ನು ಅಕ್ಷರ ಅಕ್ಷರವಾಗಿ ಓದಿ. ಜಾತಿಯ ಹೆಸರು 'ಮರಾಟಿ' ಎಂದೇ ಇದೆಯಾ? 'ಮರಾಠ', 'ಮರಾಠಿ' ಎಂದು ಬಿದ್ದಿದ್ದರೆ ಪತ್ರದಿಂದ ಕೆಲಸವಾಗುವುದಿಲ್ಲ. ಮೊದಲು ತಾಲೂಕು ಕಚೇರಿಯಲ್ಲಿ ಅದನ್ನು ಸರಿ ಮಾಡಿಸಬೇಕು. ಕೇಂದ್ರದ ನಮೂನೆಯಲ್ಲಿದೆಯಾ, 1950ರ ಪರಿಶಿಷ್ಟ ಪಂಗಡ ಆದೇಶದ ಉಲ್ಲೇಖ ಇದೆಯಾ ಎಂದೂ ನೋಡಿ. ಇವೆಲ್ಲ ಸರಿ ಇದ್ದರೆ ಮಾತ್ರ ತಪ್ಪು ಮಂಡಳಿಯದ್ದು ಎಂದು ಧೈರ್ಯವಾಗಿ ಬರೆಯಬಹುದು.

ಆಮೇಲೆ ದಾಖಲೆ. ತಿರಸ್ಕಾರದ ಪುಟದ ಸ್ಕ್ರೀನ್‌ಶಾಟ್ ಅದೇ ದಿನ ತೆಗೆದಿಡಿ. ನಿಮ್ಮ ಗ್ರಾಮ ಮೊದಲು ಕಾಸರಗೋಡು ತಾಲೂಕಿನಲ್ಲಿತ್ತು ಎಂದು ತೋರಿಸುವ ಹಳೆಯ ಕಾಗದ ಬೇಕು. ಅಪ್ಪನ ಹಳೆಯ ಜಾತಿ ಸರ್ಟಿಫಿಕೇಟೋ ಜಾಗದ ತೆರಿಗೆ ರಶೀದಿಯೋ ಮನೆಯ ಪೆಟ್ಟಿಗೆಯಲ್ಲಿ ಸಿಕ್ಕೀತು. ಇದಕ್ಕಿಂತ ಗಟ್ಟಿಯಾದದ್ದು ತಹಶೀಲ್ದಾರರ ಒಂದು ಪತ್ರ: 'ಈ ಗ್ರಾಮ ಹಿಂದಿನ ಕಾಸರಗೋಡು ತಾಲೂಕಿಗೆ ಸೇರಿತ್ತು.' ಒಂದೇ ವಾಕ್ಯ ಸಾಕು. ಬಾಯಿಮಾತಿನಲ್ಲಿ ಕೇಳಬೇಡಿ, ಅರ್ಜಿ ಬರೆದು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ.

ಮಂಡಳಿಗೆ ಬರೆಯುವ ಪತ್ರ ಒಂದೇ ಪುಟ ಇರಲಿ. ಕೇಂದ್ರದ ಮಂಡಳಿಯಾದ್ದರಿಂದ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಕಳಿಸಿ. ಒಳಗಿನ ಮಾತು ಹೀಗಿರಲಿ:

'ವಿಷಯ: ನೋಂದಣಿ ಸಂಖ್ಯೆ ....., ಪರಿಶಿಷ್ಟ ಪಂಗಡದ ಅರ್ಜಿಯ ತಿರಸ್ಕಾರವನ್ನು ಮರುಪರಿಶೀಲಿಸಲು ಕೋರಿಕೆ.

ಮಾನ್ಯರೇ, ನನ್ನ ಅರ್ಜಿಯನ್ನು ದಿನಾಂಕ ..... ರಂದು ತಿರಸ್ಕರಿಸಲಾಗಿದೆ. ಮಂಜೇಶ್ವರ ತಾಲೂಕು ಪಟ್ಟಿಯಲ್ಲಿಲ್ಲ ಎಂಬುದು ಕಾರಣ. 2013ರ ತಿದ್ದುಪಡಿಯಂತೆ ಕಾಸರಗೋಡು ತಾಲೂಕಿನ ಮರಾಟಿ ಸಮುದಾಯ ಪರಿಶಿಷ್ಟ ಪಂಗಡಕ್ಕೆ ಸೇರಿದೆ. ನನ್ನ ಪೈವಳಿಕೆ ಗ್ರಾಮ ಆ ತಾಲೂಕಿನ ಭಾಗವಾಗಿತ್ತು. ಈಗ ಕಚೇರಿ ಬದಲಾಗಿದೆ, ಊರು ಬದಲಾಗಿಲ್ಲ. ತಹಶೀಲ್ದಾರರ ಪತ್ರ ಲಗತ್ತಿಸಿದ್ದೇನೆ. ಅರ್ಜಿಯನ್ನು ಪರಿಶಿಷ್ಟ ಪಂಗಡದಲ್ಲೇ ಪುನಃ ಸ್ವೀಕರಿಸಬೇಕು. ತೀರ್ಮಾನ ತಡವಾದರೆ ಪರೀಕ್ಷೆಗೆ ತಾತ್ಕಾಲಿಕವಾಗಿ ಕೂರಲು ಅವಕಾಶ ಕೊಡಬೇಕು.'

ಕೊನೆಯ ಆ ವಾಕ್ಯವನ್ನು ಮರೆಯಬೇಡಿ. ಪರೀಕ್ಷೆ ಮುಗಿದ ಮೇಲೆ ನ್ಯಾಯ ಸಿಕ್ಕರೂ ಜಾಸ್ತಿ ಪ್ರಯೋಜನವಿಲ್ಲ, ಅಲ್ವಾ? ಪತ್ರದಲ್ಲಿ ಮನೆಯ ಕಷ್ಟ, ಬಡತನ ಬರೆಯಬೇಕೆಂದು ಅನ್ನಿಸುವುದು ಸಹಜ. ಆದರೆ ಓದುವವರು ತಾಲೂಕಿನ ಪ್ರಶ್ನೆಗೆ ಉತ್ತರ ಹುಡುಕುತ್ತಾರೆ. ಅದು ಮೊದಲ ನಾಲ್ಕು ಸಾಲಿನಲ್ಲೇ ಸಿಗಬೇಕು.

ಆಕ್ಷೇಪಣೆಗೆ ಮಂಡಳಿ ದಿನ ನಿಗದಿ ಮಾಡಿದ್ದರೆ ಅದರೊಳಗೆ ಇಮೇಲ್ ಮಾಡಿ. ಅದೇ ಪತ್ರವನ್ನು ಸ್ಪೀಡ್ ಪೋಸ್ಟಿನಲ್ಲೂ ಕಳಿಸಿ ರಶೀದಿ ಇಟ್ಟುಕೊಳ್ಳಿ. ತಹಶೀಲ್ದಾರರ ಪತ್ರ ಬರುವ ತನಕ ಕಾಯುತ್ತಾ ಕೂರಬೇಡಿ. ಇರುವ ದಾಖಲೆಯೊಂದಿಗೆ ಮೊದಲು ಕಳಿಸಿ, ಉಳಿದದ್ದನ್ನು ನಂತರ ಸೇರಿಸಿ.

ಉತ್ತರವೇ ಬಾರದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ, ತಿರಸ್ಕಾರದ ಟಿಪ್ಪಣಿಯ ಪ್ರತಿ ಕೇಳಬಹುದು. ಅದಕ್ಕೆ ಉತ್ತರ ಕೊಡಲು ಅವರಿಗೆ 30 ದಿನದ ಗಡುವಿದೆ. ಪರೀಕ್ಷೆ ಅದಕ್ಕಿಂತ ಹತ್ತಿರ ಇದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ನೇರವಾಗಿ ಹೋಗಿ. ಪರಿಶಿಷ್ಟ ಪಂಗಡದವರಿಗೆ ಅಲ್ಲಿ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಹೋಗುವಾಗ ಮೂಲ ಸರ್ಟಿಫಿಕೇಟ್, ಸ್ಕ್ರೀನ್‌ಶಾಟ್, ಅಂಚೆ ರಶೀದಿ ಮೂರೂ ಕೈಯಲ್ಲಿರಲಿ.